ಮೇಕೆಯ ಹಿಂದೆ 40 ಸೆಕೆಂಡ್: ಅನಿಮೇಷನ್ ಚೇಸ್ ಕಾಗದದ ಮೇಲೆ ಹುಟ್ಟುವ ಬಗೆ

ಬೆನ್ನಟ್ಟುವ ದೃಶ್ಯಕ್ಕೆ ಬೇಕಾದದ್ದು ಮೂರೇ: ಮುಂದೆ ಓಡುವ ಒಂದು ಪಾತ್ರ, ಅದನ್ನು ಅಟ್ಟಿಸಿಕೊಂಡು ಬರುವ ಇನ್ನೊಂದು ಪಾತ್ರ, ಇವೆರಡರ ನಡುವಿನ ಅಂತರ. ಮೊದಲೆರಡನ್ನು ಎಷ್ಟೇ ಚೆನ್ನಾಗಿ ಬಿಡಿಸಿದರೂ ಮೂರನೆಯದು ನೋಡುಗರ ಕಣ್ಣಿಗೆ ಬೀಳದಿದ್ದರೆ ಅದು ಬರೀ ಓಟ. ಅಂತರ ಕಡಿಮೆಯಾಯಿತೆ, ಹೆಚ್ಚಾಯಿತೆ, ಇನ್ನೇನು ಕೈಗೆ ಸಿಕ್ಕೇಬಿಟ್ಟಿತೆ ಎಂಬುದೇ ಇಲ್ಲಿ ಕತೆ. ಅನಿಮೇಷನ್ ಕಿರುಚಿತ್ರದಲ್ಲಿ ಈ ಅಂತರವನ್ನು ಮೊದಲೇ ಕಾಗದದ ಮೇಲೆ ತೀರ್ಮಾನಿಸುವ ಕೆಲಸ ಎರಡು ದಾಖಲೆಗಳದ್ದು. ಒಂದು ಶಾಟ್ ಲಿಸ್ಟ್, ಇನ್ನೊಂದು ಸ್ಟೋರಿಬೋರ್ಡ್.

ಶಾಟ್ ಲಿಸ್ಟ್ ಅಕ್ಷರದಲ್ಲಿರುತ್ತದೆ. ದೃಶ್ಯದಲ್ಲಿ ಎಷ್ಟು ಶಾಟ್‌ಗಳಿವೆ, ಒಂದೊಂದರಲ್ಲಿ ಕ್ಯಾಮೆರಾ ಎಲ್ಲಿರುತ್ತದೆ, ಏನು ನಡೆಯುತ್ತದೆ, ಅದು ಎಷ್ಟು ಹೊತ್ತು ತೆರೆಯ ಮೇಲಿರುತ್ತದೆ ಎಂಬುದರ ಪಟ್ಟಿ ಅದು. ಸ್ಟೋರಿಬೋರ್ಡ್ ಅದನ್ನೇ ಚಿತ್ರಗಳಲ್ಲಿ ಹೇಳುತ್ತದೆ. ತೆರೆಯ ಆಕಾರದ ಚೌಕಟ್ಟುಗಳೊಳಗೆ, ತೆರೆಯ ಮೇಲೆ ಕಾಣಬೇಕಾದ ಕ್ರಮದಲ್ಲಿ. ನಟರನ್ನಿಟ್ಟು ತೆಗೆಯುವ ಸಿನಿಮಾದಲ್ಲಿ ಇವೆರಡೂ ಸಡಿಲವಾಗಿದ್ದರೆ ನಡೆಯುತ್ತದೆ. ಒಂದೇ ಓಟವನ್ನು ನಾಲ್ಕು ಕಡೆಯಿಂದ ಚಿತ್ರೀಕರಿಸಿ, ಚೆನ್ನಾಗಿ ಬಂದದ್ದನ್ನು ಸಂಕಲನದ ಮೇಜಿನ ಮೇಲೆ ಆರಿಸಿಕೊಳ್ಳಬಹುದು. ಅನಿಮೇಷನ್‌ನಲ್ಲಿ ಆ ಸೌಕರ್ಯ ಇಲ್ಲ. ತೆರೆಯ ಮೇಲೆ ಬರುವ ಒಂದೊಂದು ಸೆಕೆಂಡೂ ಯಾರೋ ಕೂತು ಬಿಡಿಸಿದ್ದು. ಹಾಗಾಗಿ ಸಂಕಲನ ಮೊದಲು ಮುಗಿಯುತ್ತದೆ, ಚಿತ್ರ ಆಮೇಲೆ ತಯಾರಾಗುತ್ತದೆ.

ಈ ಪದ್ಧತಿ ಬೆಳೆದದ್ದು 1930ರ ದಶಕದ ಆರಂಭದಲ್ಲಿ, ವಾಲ್ಟ್ ಡಿಸ್ನಿ ಸ್ಟುಡಿಯೋದಲ್ಲಿ. ಕತೆಯ ಚಿತ್ರಗಳನ್ನು ಬಿಡಿ ಹಾಳೆಗಳಲ್ಲಿ ಬರೆದು ಗೋಡೆಯ ಹಲಗೆಗೆ ಸಾಲಾಗಿ ಪಿನ್ನು ಹಾಕುವ ಕ್ರಮವನ್ನು ಅಲ್ಲಿನ ವೆಬ್ ಸ್ಮಿತ್ ಎಂಬ ಕಲಾವಿದ ಶುರುಮಾಡಿದ ಎನ್ನುತ್ತಾರೆ. ಪೂರ್ತಿಯಾಗಿ ಹೀಗೆ ಯೋಜಿಸಿದ ಮೊದಲ ಚಿತ್ರಗಳ ಸಾಲಿನಲ್ಲಿ 1933ರ ‘ತ್ರೀ ಲಿಟ್ಲ್ ಪಿಗ್ಸ್’ ಹೆಸರು ಬರುತ್ತದೆ. ಹಾಳೆ ಬಿಡಿಯಾಗಿದ್ದುದೇ ಅದರ ದೊಡ್ಡ ಅನುಕೂಲ. ಬೇಡವಾದದ್ದನ್ನು ಕಿತ್ತು ಬಿಸಾಡಬಹುದಿತ್ತು, ಎರಡರ ನಡುವೆ ಹೊಸದನ್ನು ಸಿಕ್ಕಿಸಬಹುದಿತ್ತು. ಇವತ್ತು ಕಂಪ್ಯೂಟರ್ ತೆರೆಯ ಮೇಲೆ ನಡೆಯುವುದೂ ಅದೇ.

ಕೆಲಸದ ಕ್ರಮ ತಿಳಿಯಲು ಒಂದು ದೃಶ್ಯವನ್ನು ಇಟ್ಟುಕೊಳ್ಳಬಹುದು. ಹಳ್ಳಿಯ ವಾರದ ಸಂತೆ. ಹೂ ಮಾರುವ ಹುಡುಗಿಯೊಬ್ಬಳು ನಾಲ್ಕು ಮಾರು ಚೆಂಡುಹೂವಿನ ಹಾರ ಕಟ್ಟಿ ಬುಟ್ಟಿಯಲ್ಲಿ ಸುತ್ತಿಟ್ಟಿದ್ದಾಳೆ. ಅವಳು ಆ ಕಡೆ ತಿರುಗಿದ ಹೊತ್ತಿಗೆ ಒಂದು ಮೇಕೆ ಹಾರದ ತುದಿ ಕಚ್ಚಿಕೊಂಡು ಓಡುತ್ತದೆ. ಅವಳು ಬೆನ್ನಟ್ಟುತ್ತಾಳೆ. ದೃಶ್ಯದ ಒಟ್ಟು ಅವಧಿ 40 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್‌ನಂತೆ 960 ಫ್ರೇಮ್.

ಹಾರವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕದ್ದ ವಸ್ತು ಓಟದುದ್ದಕ್ಕೂ ಬದಲಾಗುತ್ತಿದ್ದರೆ ಚೇಸ್‌ಗೆ ಒಂದು ಗಡಿಯಾರ ಸಿಕ್ಕಂತಾಗುತ್ತದೆ. ಮೇಕೆ ಎಳೆದುಕೊಂಡು ಹೋದಂತೆ ಹಾರ ಅಲ್ಲಿ ಇಲ್ಲಿ ಸಿಕ್ಕಿ, ಹೂ ಉದುರಿ, ದಾರ ಬೋಳಾಗುತ್ತ ಬರುತ್ತದೆ. ಹುಡುಗಿ ತಡಮಾಡಿದಷ್ಟೂ ಅವಳ ನಷ್ಟ ಹೆಚ್ಚು. ಇದನ್ನು ಯಾವ ಮಾತೂ ಹೇಳಬೇಕಾಗಿಲ್ಲ, ಹಾರವೇ ಹೇಳುತ್ತದೆ.

ಮೊದಲು ಬಿಡಿಸಬೇಕಾದದ್ದು ಶಾಟ್ ಅಲ್ಲ, ನಕ್ಷೆ. ಸಂತೆಯನ್ನು ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಒಂದು ಹಾಳೆಯಲ್ಲಿ ಗೀಚಿಕೊಳ್ಳಬೇಕು: ಒಂದು ತುದಿಯಲ್ಲಿ ಹೂವಿನ ಅಂಗಡಿ, ಅಲ್ಲಿಂದ ನೇರಕ್ಕೆ ತರಕಾರಿ ಸಾಲು, ಅದರ ಕೊನೆಗೆ ಒಂದು ತಿರುವು, ತಿರುವಿನಾಚೆ ಕುಂಬಾರರ ಮಡಕೆಗಳ ರಾಶಿ, ಅದನ್ನು ದಾಟಿದರೆ ನೊಗ ಇಳಿಸಿ ನಿಲ್ಲಿಸಿದ ಎತ್ತಿನ ಗಾಡಿ, ಕೊನೆಗೆ ಬಯಲು. ಮೇಕೆಯ ಹಾದಿಗೆ ಒಂದು ಬಣ್ಣದ ಗೆರೆ, ಹುಡುಗಿಯ ಹಾದಿಗೆ ಇನ್ನೊಂದು. ಕ್ಯಾಮೆರಾ ನಿಲ್ಲುವ ಜಾಗಗಳಿಗೆ ಒಂದೊಂದು ಸಣ್ಣ ತ್ರಿಕೋನ. ಈ ಹಾಳೆ ಇಲ್ಲದೆ ಬೋರ್ಡ್ ಶುರುಮಾಡಿದವರು ಸಾಮಾನ್ಯವಾಗಿ ಎಂಟು ಹತ್ತು ಶಾಟ್ ಆಗುವಷ್ಟರಲ್ಲಿ ಮಡಕೆ ಅಂಗಡಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ತಾವೇ ಮರೆತಿರುತ್ತಾರೆ. ನಕ್ಷೆಯಲ್ಲಿ ಅಡ್ಡಿಗಳ ಗುಣವೂ ಗೊತ್ತಾಗುತ್ತದೆ. ಮಡಕೆಗಳ ಸಂದಿಯಲ್ಲಿ ಮೇಕೆ ನುಸುಳಬಲ್ಲದು, ಹುಡುಗಿ ನುಸುಳಲಾರಳು. ಗಾಡಿಯ ಕೆಳಗೆ ಮೇಕೆ ತೂರುತ್ತದೆ, ಹುಡುಗಿ ಮೇಲೆ ಹತ್ತಿ ಹಾರುತ್ತಾಳೆ. ಒಂದೇ ಅಡ್ಡಿ ಇಬ್ಬರಿಗೂ ಬೇರೆ ಬೇರೆಯಾಗಿ ಕೆಲಸ ಮಾಡಿದಾಗಲೇ ಅಂತರ ಹಿಗ್ಗುವುದು, ಕುಗ್ಗುವುದು.

ನಿಕ್ ಪಾರ್ಕ್ ನಿರ್ದೇಶನದ 1993ರ ‘ದ ರಾಂಗ್ ಟ್ರೌಸರ್ಸ್’ ಎಂಬ ಮಣ್ಣಿನ ಗೊಂಬೆಗಳ ಕಿರುಚಿತ್ರದಲ್ಲಿ ಇದರ ಅತಿ ಚೊಕ್ಕ ಉದಾಹರಣೆ ಇದೆ. ವಜ್ರ ಕದ್ದ ಪೆಂಗ್ವಿನ್ ಆಟಿಕೆ ರೈಲಿನಲ್ಲಿ ಮನೆಯೊಳಗೇ ತಪ್ಪಿಸಿಕೊಂಡು ಹೋಗುತ್ತದೆ. ಗ್ರೋಮಿಟ್ ಎಂಬ ನಾಯಿಯೂ ಅದೇ ಹಳಿಯ ಮೇಲೆ ಬೆನ್ನಟ್ಟುತ್ತದೆ. ಹಳಿ ಮುಗಿದುಹೋಗುವ ಅಡ್ಡಿ ಎದುರಾದಾಗ ಗ್ರೋಮಿಟ್ ಪೆಟ್ಟಿಗೆಯಿಂದ ಬಿಡಿ ಹಳಿಗಳನ್ನು ತೆಗೆದು, ಓಡುವ ರೈಲಿನ ಮುಂದೆ ತಾನೇ ಜೋಡಿಸುತ್ತ ಹೋಗುತ್ತದೆ. ಎಷ್ಟೇ ವೇಗವಿದ್ದರೂ ಯಾರು ಎಲ್ಲಿದ್ದಾರೆ ಎಂಬ ಗೊಂದಲ ನೋಡುಗರಿಗೆ ಆಗುವುದಿಲ್ಲ. ಹಳಿಯೇ ಅಲ್ಲಿ ನಕ್ಷೆ.

ನಕ್ಷೆಯಾದ ಮೇಲೆ ಸಮಯ ಹಂಚಬೇಕು. ಸಂತೆಯ ಚೇಸ್‌ನಲ್ಲಿ ಕಳ್ಳತನಕ್ಕೆ 7 ಸೆಕೆಂಡ್, ತರಕಾರಿ ಸಾಲಿನ ಓಟಕ್ಕೆ 12, ಮಡಕೆಗಳ ನಡುವೆ ಮೇಕೆ ಕಣ್ಮರೆಯಾಗುವುದಕ್ಕೆ 9, ಗಾಡಿಯ ಸುತ್ತಿನ ಎರಡನೇ ಓಟಕ್ಕೆ 8, ಕೊನೆಗೆ ಸಿಕ್ಕಿಬೀಳುವುದಕ್ಕೆ 4. ಕಾಗದದ ಮೇಲೆ ನೋಡಿದರೆ ಮಡಕೆಗಳಿಗೆ ಕೊಟ್ಟ 9 ಸೆಕೆಂಡ್ ದುಂದು ಎನಿಸಬಹುದು. ಅಲ್ಲಿ ಯಾರೂ ಓಡುತ್ತಿಲ್ಲ. ಆದರೆ ಸತತ ವೇಗ ಹತ್ತಿಪ್ಪತ್ತು ಸೆಕೆಂಡಿನೊಳಗೆ ವೇಗವೆಂದು ಅನಿಸುವುದನ್ನೇ ನಿಲ್ಲಿಸುತ್ತದೆ. ನಡುವೆ ಒಂದು ನಿಲುಗಡೆ ಇದ್ದರೆ ಮುಂದಿನ ಓಟ ಹೊಸದಾಗಿ ವೇಗ ಪಡೆಯುತ್ತದೆ. ಚಕ್ ಜೋನ್ಸ್ 1949ರಲ್ಲಿ ಶುರುಮಾಡಿದ ರೋಡ್ ರನ್ನರ್ ಚಿತ್ರಗಳಲ್ಲಿ ಕಯೋಟಿ ಬಂಡೆಯ ಅಂಚು ದಾಟಿದ ಮೇಲೂ ಗಾಳಿಯಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಬೀಳುತ್ತದಲ್ಲ, ಆ ಗಳಿಗೆಯ ಲೆಕ್ಕ ಇದೇ.

ಇನ್ನು ಶಾಟ್ ಲಿಸ್ಟ್. 40 ಸೆಕೆಂಡಿಗೆ 18 ಶಾಟ್ ಎಂದುಕೊಂಡರೆ ಸರಾಸರಿ ಒಂದಕ್ಕೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು. ಸಂಖ್ಯೆಗಳನ್ನು 1, 2, 3 ಎಂದು ಕೊಡದೆ 10, 20, 30 ಎಂದು ಕೊಡುವುದು ರೂಢಿ. ನಡುವೆ ಹೊಸ ಶಾಟ್ ಬಂದರೆ ಉಳಿದವುಗಳ ಸಂಖ್ಯೆ ಕದಲಬಾರದೆಂದು. ಪಟ್ಟಿಯ ಕಾಲಂಗಳಲ್ಲಿ ಶಾಟ್‌ನ ಅಳತೆ, ಕ್ಯಾಮೆರಾದ ಕೋನ ಮತ್ತು ಚಲನೆ, ಕ್ರಿಯೆ, ಫ್ರೇಮ್‌ಗಳ ಸಂಖ್ಯೆ, ಹಿನ್ನೆಲೆ ಮತ್ತು ಸದ್ದು ಯಾವ ದೃಶ್ಯಕ್ಕಾದರೂ ಇರುತ್ತವೆ. ಚೇಸ್‌ಗೆ ಇನ್ನೂ ಮೂರು ಕಾಲಂ ಸೇರಿಸಿದರೆ ಒಳ್ಳೆಯದು: ಓಟದ ದಿಕ್ಕು, ಶಾಟ್ ಮುಗಿಯುವಾಗಿನ ಅಂತರ, ಉಳಿದ ಹಾರದ ಉದ್ದ. ಅಂತರವನ್ನು ಮೇಕೆಯ ಉದ್ದದಲ್ಲೇ ಅಳೆಯಬಹುದು, ಹಾರವನ್ನು ಮಾರು ಮೊಳಗಳಲ್ಲಿ. ತರಕಾರಿ ಸಾಲಿನ 12 ಸೆಕೆಂಡ್ ಪಟ್ಟಿಯಲ್ಲಿ ಹೀಗೆ ಬರುತ್ತದೆ:

ಶಾಟ್ 40. ವೈಡ್, ಎತ್ತರದಿಂದ, ಕ್ಯಾಮೆರಾ ಸ್ಥಿರ. ಇಡೀ ಸಾಲು, ತುದಿಯ ತಿರುವು ಕಾಣುತ್ತವೆ. ಮೇಕೆ ಮುಂದೆ, ಹುಡುಗಿ ಹಿಂದೆ. ಎಡದಿಂದ ಬಲಕ್ಕೆ. ಅಂತರ 6 ಮೇಕೆ. ಹಾರ 4 ಮಾರು. 84 ಫ್ರೇಮ್.

ಶಾಟ್ 50. ಪಕ್ಕದಿಂದ ಮಿಡ್ ಶಾಟ್, ಕ್ಯಾಮೆರಾ ಜೊತೆಗೇ ಓಡುತ್ತದೆ. ಇಬ್ಬರೂ ಚೌಕಟ್ಟಿನೊಳಗೆ. ಎಡದಿಂದ ಬಲಕ್ಕೆ. ಅಂತರ 3 ಮೇಕೆ. ಹಾರ ಮೂರೂವರೆ ಮಾರು. 60 ಫ್ರೇಮ್.

ಶಾಟ್ 60. ಹುಡುಗಿಯ ಪಾದಗಳ ಕ್ಲೋಸ್‌ಅಪ್. ಎಡದಿಂದ ಬಲಕ್ಕೆ. 24 ಫ್ರೇಮ್.

ಶಾಟ್ 70. ಮೇಕೆ ಕ್ಯಾಮೆರಾದತ್ತ ನೇರವಾಗಿ ಓಡಿಬರುತ್ತದೆ, ಹಿಂದೆ ಹುಡುಗಿ. ದಿಕ್ಕು ಇಲ್ಲ. ಅಂತರ 2 ಮೇಕೆಯಂತೆ ಕಾಣುತ್ತದೆ. ಹಾರ 3 ಮಾರು. 48 ಫ್ರೇಮ್.

ಶಾಟ್ 80. ಹುಡುಗಿಯ ಬೆನ್ನ ಹಿಂದಿನಿಂದ. ಮೇಕೆ ತಿರುವಿನಲ್ಲಿ ಹೊರಳುತ್ತದೆ. ಅಂತರ 3 ಮೇಕೆ. 36 ಫ್ರೇಮ್.

ಶಾಟ್ 90. ಪಕ್ಕದಿಂದ, ಕ್ಯಾಮೆರಾ ಜೊತೆಗೆ. ಬಲದಿಂದ ಎಡಕ್ಕೆ. ಅಂತರ 1 ಮೇಕೆ. ಹಾರ 2 ಮಾರು. 36 ಫ್ರೇಮ್.

ಅಂತರದ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿದರೆ ದೃಶ್ಯ ಬದುಕಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಆರು, ಮೂರು, ಎರಡು, ಮತ್ತೆ ಮೂರು, ಒಂದು. ಆಮೇಲೆ ಮಡಕೆಗಳ ನಡುವೆ ಅಂತರವೇ ಗೊತ್ತಿಲ್ಲ. ಗಾಡಿಯ ಬಳಿ ಐದಕ್ಕೆ ಹಿಗ್ಗಿ, ಅರ್ಧಕ್ಕೆ ಇಳಿದು, ಕೊನೆಗೆ ಸೊನ್ನೆ. ಸಾಲಾಗಿ ನಾಲ್ಕು ಶಾಟ್‌ಗಳಲ್ಲಿ ಮೂರು, ಮೂರು, ಮೂರು, ಮೂರು ಎಂದಿದ್ದರೆ ಅವುಗಳಲ್ಲಿ ಮೂರನ್ನು ತೆಗೆದುಹಾಕಿದರೂ ಕತೆಗೆ ಏನೂ ಆಗುವುದಿಲ್ಲ ಎಂದೇ ಅರ್ಥ. ಶಾಟ್ 70ರ ಅಂತರ ಒಂದು ಸಣ್ಣ ಮೋಸ. ದೂರದಿಂದ ಜೂಮ್ ಲೆನ್ಸಿನಲ್ಲಿ ನೋಡಿದಂತೆ ಬಿಡಿಸಿದರೆ ಮುಂದಿನದೂ ಹಿಂದಿನದೂ ಒತ್ತಿಕೊಂಡಂತೆ ಕಂಡು, ಹುಡುಗಿಯ ಕೈ ಮೇಕೆಯ ಬಾಲಕ್ಕೆ ಇನ್ನೇನು ತಾಗಿತು ಎನಿಸುತ್ತದೆ. ಮುಂದಿನ ಶಾಟ್ ನಿಜವಾದ ದೂರವನ್ನು ತೋರಿಸುತ್ತದೆ. ಇಂಥ ಮೋಸ ಒಂದು ಚೇಸ್‌ನಲ್ಲಿ ಒಮ್ಮೆ ನಡೆಯುತ್ತದೆ, ಎರಡನೇ ಸಲ ನೋಡುಗರು ನಂಬುವುದಿಲ್ಲ.

ದಿಕ್ಕಿನ ಕಾಲಂ ಇನ್ನೂ ಸೂಕ್ಷ್ಮ. ಓಡುವವರ ಹಾದಿಯುದ್ದಕ್ಕೂ ಒಂದು ಕಲ್ಪಿತ ಗೆರೆ ಎಳೆದು, ಕ್ಯಾಮೆರಾ ಯಾವಾಗಲೂ ಅದರ ಒಂದೇ ಪಕ್ಕದಲ್ಲಿರಬೇಕು ಎಂಬುದು ಸಿನಿಮಾದ ಹಳೆಯ ನಿಯಮ. 180 ಡಿಗ್ರಿ ನಿಯಮ ಎನ್ನುವುದು ಇದನ್ನೇ. ಕ್ಯಾಮೆರಾ ಗೆರೆಯ ಆಚೆಗೆ ಹೋದ ಕೂಡಲೇ ಎಡದಿಂದ ಬಲಕ್ಕೆ ಓಡುತ್ತಿದ್ದ ಮೇಕೆ ಬಲದಿಂದ ಎಡಕ್ಕೆ ಓಡುತ್ತದೆ. ಸಂತೆಯಲ್ಲಿ ಅದು ದಾರಿ ಬದಲಿಸಿಲ್ಲ, ಆದರೆ ತೆರೆಯ ಮೇಲೆ ವಾಪಸು ಬರುತ್ತಿದೆ. ಒಂದು ಶಾಟ್‌ನಲ್ಲಿ ಮೇಕೆ ಬಲಕ್ಕೂ ಮುಂದಿನದರಲ್ಲಿ ಹುಡುಗಿ ಎಡಕ್ಕೂ ಓಡಿದರೆ ಇಬ್ಬರೂ ಎದುರುಬದುರಾಗಿ ಡಿಕ್ಕಿ ಹೊಡೆಯಲಿದ್ದಾರೆ ಎಂದೇ ಅನಿಸುತ್ತದೆ. ದಿಕ್ಕು ಬದಲಿಸಲೇಬೇಕಾದರೆ ಮೂರು ದಾರಿ. ಪಾತ್ರ ತಿರುಗುವುದನ್ನೇ ಕಣ್ಣೆದುರು ತೋರಿಸಬಹುದು; ಕ್ಯಾಮೆರಾವೇ ಶಾಟ್‌ನ ಒಳಗೆ ಗೆರೆ ದಾಟಬಹುದು; ಇಲ್ಲವೇ ಎರಡು ದಿಕ್ಕುಗಳ ನಡುವೆ ದಿಕ್ಕೇ ಇಲ್ಲದ ಶಾಟ್ ಒಂದನ್ನು, ಅಂದರೆ ಪಾತ್ರ ನೇರ ಎದುರಿಗೆ ಬರುವ ಅಥವಾ ನೇರ ದೂರ ಹೋಗುವ ಶಾಟ್ ಅನ್ನು ಇಡಬಹುದು. ಶಾಟ್ 70 ಮತ್ತು 80 ಇರುವುದು ಆ ಕೆಲಸಕ್ಕೆ. ಬಲದಿಂದ ಎಡಕ್ಕೆ ಓಡುವುದು ಎದುರುಗಾಳಿಗೆ ಓಡಿದಂತೆ ಕಷ್ಟವಾಗಿ ಕಾಣುತ್ತದೆ ಎಂಬ ನಂಬಿಕೆಯೂ ಬೋರ್ಡ್ ಕಲಾವಿದರಲ್ಲಿದೆ. ಎಡದಿಂದ ಬಲಕ್ಕೆ ಓದುವ ಕಣ್ಣಿಗೆ ಅದು ಇದ್ದರೂ ಇರಬಹುದು. ಹುಡುಗಿ ಸೋಲುತ್ತಿರುವ ಭಾಗವನ್ನು ಆ ದಿಕ್ಕಿಗೆ ಇಡುವುದರಿಂದ ನಷ್ಟವಂತೂ ಇಲ್ಲ.

ಬೋರ್ಡ್ ಬಿಡಿಸುವ ಕೆಲಸ ಬೆಂಕಿಪೊಟ್ಟಣದಷ್ಟು ಸಣ್ಣ ಚೌಕಗಳಿಂದ ಶುರುವಾಗುತ್ತದೆ. ಇವಕ್ಕೆ ಥಂಬ್‌ನೇಲ್ ಎನ್ನುತ್ತಾರೆ. ಅಷ್ಟು ಚಿಕ್ಕ ಜಾಗದಲ್ಲಿ ಮೇಕೆಯ ಕೊಂಬಿನ ಗೀರುಗಳನ್ನು ಬಿಡಿಸಲು ಆಗುವುದಿಲ್ಲ. ಅದೇ ಅದರ ಉಪಯೋಗ. ಎರಡು ಕಪ್ಪು ಆಕೃತಿಗಳು, ನಡುವೆ ಬಿಳಿ ಜಾಗ ಇಷ್ಟೇ ಕಾಣುತ್ತದೆ. ಆ ಬಿಳಿ ಜಾಗ ಅಲ್ಲಿ ಸ್ಪಷ್ಟವಾಗಿದ್ದರೆ ದೊಡ್ಡ ತೆರೆಯಲ್ಲೂ ಸ್ಪಷ್ಟ. ಥಂಬ್‌ನೇಲ್ ಒಪ್ಪಿಗೆಯಾದ ಮೇಲೆ ಅದನ್ನೇ 16:9 ಚೌಕಟ್ಟಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಇಂಥ ಒಂದೊಂದು ಚಿತ್ರಕ್ಕೆ ಪ್ಯಾನೆಲ್ ಎಂದು ಹೆಸರು. ಒಂದು ಶಾಟ್‌ಗೆ ಒಂದೇ ಪ್ಯಾನೆಲ್ ಎಂದಿಲ್ಲ. ಪಾತ್ರದ ಭಂಗಿ ಬದಲಾದಾಗಲೆಲ್ಲ ಹೊಸ ಪ್ಯಾನೆಲ್ ಬೇಕು. ಪಾದದ ಕ್ಲೋಸ್‌ಅಪ್‌ಗೆ ಒಂದು ಸಾಕು. ಮೇಕೆ ಮಡಕೆಗಳ ನಡುವೆ ಬಳುಕಿ ಸಾಗುವ ಶಾಟ್ 100ಕ್ಕೆ ಐದಾರು ಬೇಕಾದೀತು. ಈ ಚೇಸ್‌ಗೆ ಒಟ್ಟು 50ರಿಂದ 70 ಪ್ಯಾನೆಲ್ ಎಂದು ಲೆಕ್ಕ ಹಿಡಿಯಬಹುದು.

ಬಾಣಗಳಿಗೂ ಒಂದು ಶಿಸ್ತು ಇರಬೇಕು. ಪಾತ್ರದ ಚಲನೆಯ ಬಾಣ ಚೌಕಟ್ಟಿನ ಒಳಗೆ, ಪಾತ್ರದ ಪಕ್ಕದಲ್ಲಿ; ಕ್ಯಾಮೆರಾದ ಬಾಣ ಚೌಕಟ್ಟಿನ ಅಂಚಿಗೆ ಅಥವಾ ಹೊರಗೆ, ಬೇರೆ ಬಣ್ಣದಲ್ಲಿ. ಎರಡನ್ನೂ ಒಂದೇ ಬಣ್ಣದಲ್ಲಿ ಬರೆದರೆ ಮೇಕೆ ಓಡಬೇಕೋ ಕ್ಯಾಮೆರಾ ಓಡಬೇಕೋ ಎಂಬುದು ಲೇಔಟ್ ಕಲಾವಿದರಿಗೆ ಗೊತ್ತಾಗುವುದಿಲ್ಲ, ಆ ತಪ್ಪು ಹಿನ್ನೆಲೆ ತಯಾರಾದ ಮೇಲೆ ಹೊರಬೀಳುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿಯುವ ಶಾಟ್‌ಗೆ ಮಾಮೂಲಿ ಚೌಕ ಬಿಟ್ಟು ಉದ್ದನೆಯ ಪಟ್ಟಿಯಂಥ ಪ್ಯಾನೆಲ್ ಬಿಡಿಸಿ, ಕ್ಯಾಮೆರಾ ಶುರುವಾಗುವ ಮತ್ತು ನಿಲ್ಲುವ ಜಾಗಗಳನ್ನು ಎರಡು ಚೌಕಗಳಲ್ಲಿ ಗುರುತಿಸುತ್ತಾರೆ.

ವೇಗ ಎಲ್ಲಿಂದ ಬರುತ್ತದೆ ಎಂಬುದನ್ನೂ ಬೋರ್ಡ್‌ನಲ್ಲೇ ತೀರ್ಮಾನಿಸಬೇಕು. ಕಾಲುಗಳನ್ನು ಬೇಗ ಆಡಿಸಿದ ಮಾತ್ರಕ್ಕೆ ಓಟ ವೇಗವಾಗಿ ಕಾಣುವುದಿಲ್ಲ. ಕ್ಯಾಮೆರಾ ಜೊತೆಗೇ ಓಡುವಾಗ ಮೇಕೆ ತೆರೆಯ ನಡುವೆ ಇದ್ದಲ್ಲೇ ಇರುತ್ತದೆ. ವೇಗ ಹೇಳುವುದು ಅದರ ಮುಂದೆ ಹಾದುಹೋಗುವ ವಸ್ತುಗಳು. ತರಕಾರಿ ಅಂಗಡಿಯ ಬಿದಿರುಗಳ, ಬಾಳೆಗೊನೆಗಳ, ಜನರ ಮಸುಕು ಬೆನ್ನುಗಳು ಕ್ಯಾಮೆರಾಕ್ಕೂ ಮೇಕೆಗೂ ನಡುವೆ ಸರ್ರನೆ ಹಾದುಹೋಗಬೇಕು. ಹತ್ತಿರದವು ವೇಗವಾಗಿ, ನಡುವಿನವು ಸಾಧಾರಣವಾಗಿ, ದೂರದ ಗುಡ್ಡ ನಿಧಾನವಾಗಿ. ಹೀಗಾಗಿ ಶಾಟ್ 50ರ ಹಿನ್ನೆಲೆಯನ್ನು ಮೂರು ಪದರಗಳಲ್ಲಿ ಬಿಡಿಸಬೇಕೆಂದು ಬೋರ್ಡ್‌ನಲ್ಲೇ ಗುರುತು ಹಾಕುತ್ತಾರೆ. ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸುವುದು ಇನ್ನೊಂದು ಉಪಾಯ. ನೆಲ ಹತ್ತಿರವಾದಷ್ಟೂ ಅದು ಜೋರಾಗಿ ಹರಿಯುತ್ತದೆ. ಶಾಟ್ 40ರಂತೆ ಎತ್ತರದಿಂದ ನೋಡಿದಾಗ ಅದೇ ಓಟ ನಿಧಾನವಾಗಿ ಕಾಣುತ್ತದೆ. ಆದರೂ ಅದನ್ನು ಬಿಡುವಂತಿಲ್ಲ, ಏಕೆಂದರೆ ಊರಿನ ನಕ್ಷೆ ನೋಡುಗರಿಗೆ ಸಿಗುವುದು ಅಲ್ಲಿ ಮಾತ್ರ.

ಶಾಟ್‌ಗಳು ಚಿಕ್ಕದಾದಷ್ಟೂ ನೋಡುಗರ ಕಣ್ಣು ಎಲ್ಲಿರುತ್ತದೆ ಎಂಬ ಪ್ರಶ್ನೆ ದೊಡ್ಡದಾಗುತ್ತದೆ. ಒಂದು ಶಾಟ್ ಕೊನೆಯಾಗುವಾಗ ಮೇಕೆ ತೆರೆಯ ಬಲ ಅಂಚಿನಲ್ಲಿದ್ದು, ಮುಂದಿನದು ಶುರುವಾಗುವಾಗ ಹುಡುಗಿಯ ಮುಖ ಎಡ ಅಂಚಿನಲ್ಲಿದ್ದರೆ ಕಣ್ಣು ಇಡೀ ತೆರೆಯನ್ನು ದಾಟಬೇಕು. ಶಾಟ್ ಇರುವುದೇ ಒಂದು ಸೆಕೆಂಡ್ ಆದರೆ ಅದರಲ್ಲಿ ಗಣನೀಯ ಭಾಗ ಹುಡುಕುವುದಕ್ಕೇ ಹೋಗುತ್ತದೆ. ಜಾರ್ಜ್ ಮಿಲ್ಲರ್ ಅವರ 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ನಟರನ್ನಿಟ್ಟು ತೆಗೆದ ಚಿತ್ರವಾದರೂ ಇಲ್ಲಿ ನೆನೆಯಬೇಕಾದದ್ದು. ಸುಮಾರು 3,500 ಪ್ಯಾನೆಲ್‌ಗಳ ಬೋರ್ಡ್ ಮೊದಲೇ ಸಿದ್ಧವಾಗಿದ್ದ ಆ ಚಿತ್ರದಲ್ಲಿ ನೋಡಬೇಕಾದದ್ದನ್ನು ಹೆಚ್ಚಾಗಿ ತೆರೆಯ ನಟ್ಟನಡುವೆ ಇಟ್ಟಿದ್ದಾರೆ. ಅದರಿಂದ ಅತಿ ಚಿಕ್ಕ ಶಾಟ್‌ಗಳೂ ಗೊಂದಲವಿಲ್ಲದೆ ಓದಿಸಿಕೊಳ್ಳುತ್ತವೆ. ಸಂತೆಯ ಚೇಸ್‌ನಲ್ಲಿ ಗಾಡಿಯ ಸುತ್ತಿನ ಐದು ಶಾಟ್‌ಗಳಿಗೆ, ಅಂದರೆ 130ರಿಂದ 170ರವರೆಗಿನವಕ್ಕೆ, ಇದೇ ಉಪಾಯ ಸಾಕು. ಅಕ್ಕಪಕ್ಕದ ಪ್ಯಾನೆಲ್‌ಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ, ಅಥವಾ ಕಂಪ್ಯೂಟರ್‌ನಲ್ಲಿ ಅರೆಪಾರದರ್ಶಕ ಮಾಡಿ ನೋಡಿದರೆ, ಕಣ್ಣು ಎಷ್ಟು ನೆಗೆಯಬೇಕು ಎಂಬುದು ಕೂಡಲೇ ತಿಳಿಯುತ್ತದೆ.

ಶಾಟ್ ಲಿಸ್ಟ್ ಖರ್ಚಿನ ಪಟ್ಟಿಯೂ ಹೌದು. ಕೈಯಲ್ಲಿ ಬಿಡಿಸುವ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಾರೆ. ಸೆಕೆಂಡಿಗೆ 12 ಚಿತ್ರ. ಆ ಲೆಕ್ಕದಲ್ಲಿ ಒಂದು ಪಾತ್ರ 960 ಫ್ರೇಮ್ ಪೂರ್ತಿ ತೆರೆಯ ಮೇಲಿದ್ದರೆ 480 ಚಿತ್ರ. ಆದರೆ ಚೇಸ್ ಈ ಲೆಕ್ಕವನ್ನು ಕೆಡಿಸುತ್ತದೆ. ಕ್ಯಾಮೆರಾ ಜೊತೆಗೆ ಓಡುವಾಗ ಹಿನ್ನೆಲೆ ಪ್ರತಿ ಫ್ರೇಮಿಗೂ ಸರಿಯುತ್ತದೆ. ಪಾತ್ರ ಮಾತ್ರ ಎರಡು ಫ್ರೇಮಿಗೊಮ್ಮೆ ಬದಲಾದರೆ ಅದು ನೆಲದ ಮೇಲೆ ಜಾರುತ್ತ ನಡುಗಿದಂತೆ ಕಾಣುತ್ತದೆ. ಹಾಗಾಗಿ ಅಂಥ ಶಾಟ್‌ಗಳಲ್ಲಿ ಪ್ರತಿ ಫ್ರೇಮಿಗೂ ಒಂದು ಚಿತ್ರ ಬೇಕು. ಶಾಟ್ 50ರಲ್ಲಿ 60 ಫ್ರೇಮ್, ಅಂದರೆ 60 ಚಿತ್ರ. ಕೆಲಸ ಉಳಿಸುವುದು ಪುನರಾವರ್ತನೆ. ಹುಡುಗಿಯ ಒಂದು ಹೆಜ್ಜೆಗೆ 6 ಫ್ರೇಮ್ ಎಂದರೆ ಎಡ ಬಲ ಎರಡು ಹೆಜ್ಜೆಗೆ 12 ಚಿತ್ರ. ಅವನ್ನೇ ಐದು ಸಲ ತಿರುಗಿಸಿದರೆ 60 ಫ್ರೇಮ್ ತುಂಬುತ್ತದೆ. ಮೂರು ಸಲ ತಿರುಗಿಸಿದರೆ 36, ಅಂದರೆ ಶಾಟ್ 90. ಅವಧಿಗಳನ್ನು 12ರ ಗುಣಕಗಳಲ್ಲಿ ಇಟ್ಟಿರುವುದು ಈ ಕಾರಣಕ್ಕೆ. ಹಾರಕ್ಕೆ ಮಾತ್ರ ಪುನರಾವರ್ತನೆ ಒಗ್ಗುವುದಿಲ್ಲ. ಅದು ನೆಲಕ್ಕೆ ಬಡಿದು, ಹೂ ಉದುರಿಸುತ್ತ ಪ್ರತಿ ಸಲ ಬೇರೆಯಾಗಿ ಅಲುಗಬೇಕು. ಅದಕ್ಕೆ ಬೇರೆಯೇ ಪದರ, ಬೇರೆಯೇ ದಿನಗೂಲಿ.

ಹಿನ್ನೆಲೆಗೂ ಇದೇ ಲೆಕ್ಕ. ತೆರೆಯ ಅಗಲ 1920 ಪಿಕ್ಸೆಲ್, ಹಿನ್ನೆಲೆ ಫ್ರೇಮಿಗೆ 80 ಪಿಕ್ಸೆಲ್ ಸರಿದರೆ ಒಂದು ಸೆಕೆಂಡಿನಲ್ಲಿ ಒಂದು ತೆರೆಯಷ್ಟು ದಾಟುತ್ತದೆ. ಎರಡೂವರೆ ಸೆಕೆಂಡಿನ ಶಾಟ್ 50ಕ್ಕೆ ಮೂರೂವರೆ ತೆರೆಯಷ್ಟು ಉದ್ದದ ಸಂತೆ ಬಿಡಿಸಬೇಕು. ಒಂದೂವರೆ ತೆರೆಯಷ್ಟು ಬಿಡಿಸಿ ಸುತ್ತಿ ಸುತ್ತಿ ತೋರಿಸುವುದೂ ಉಂಟು. ಹ್ಯಾನಾ-ಬಾರ್ಬೆರಾ ಕಂಪನಿಯ ಟಿವಿ ಕಾರ್ಟೂನ್‌ಗಳಲ್ಲಿ ಪಾತ್ರಗಳು ಅದೇ ಕಿಟಕಿ, ಅದೇ ದೀಪವನ್ನು ದಾಟುತ್ತಲೇ ಇರುವುದು ಇದರಿಂದಲೇ. ಸುತ್ತಿಸುವ ಹಿನ್ನೆಲೆಯಲ್ಲಿ ಎದ್ದು ಕಾಣುವ ವಸ್ತು ಇರಬಾರದು. ಸಾಲುಸಾಲು ಸೊಪ್ಪಿನ ಕಂತೆ ಎರಡು ಸಲ ಬಂದರೂ ಯಾರಿಗೂ ತಿಳಿಯದು. ಒಂದು ಕೆಂಪು ಕೊಡೆ ಎರಡನೇ ಸಲ ಬಂದರೆ ಮಕ್ಕಳಿಗೂ ತಿಳಿಯುತ್ತದೆ.

ಪ್ಯಾನೆಲ್‌ಗಳೆಲ್ಲ ಮುಗಿದ ಮೇಲೆ ಅವನ್ನು ಲಿಸ್ಟಿನಲ್ಲಿ ಬರೆದಷ್ಟೇ ಅವಧಿಗೆ ಒಂದರ ಹಿಂದೊಂದು ಜೋಡಿಸಿ, ತಾತ್ಕಾಲಿಕ ಸದ್ದು ಸೇರಿಸಿದರೆ ಅದು ಅನಿಮ್ಯಾಟಿಕ್. ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ಬ್ಲೆಂಡರ್‌ನಂಥ ಉಚಿತ ತಂತ್ರಾಂಶದಲ್ಲೂ, ಸಾಮಾನ್ಯ ವಿಡಿಯೊ ಸಂಕಲನದ ಪ್ರೋಗ್ರಾಂನಲ್ಲೂ ಆಗುತ್ತದೆ. ಕಾಗದದ ಮೇಲೆ ಸರಿ ಎನಿಸಿದ್ದರಲ್ಲಿ ಎಷ್ಟೋ ಇಲ್ಲಿ ತಪ್ಪೆಂದು ತಿಳಿಯುತ್ತದೆ. ಮೊದಲ ನೋಟ ಸಂಗೀತವಿಲ್ಲದೆ ಆಗಬೇಕು. ತಮಟೆ ಜೋರಾಗಿ ಬಡಿಯುತ್ತಿದ್ದರೆ ಯಾವ ಚೇಸ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಕತೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ನಡುವೆ ಎಲ್ಲೋ ನಿಲ್ಲಿಸಿ, ಮೇಕೆ ಈಗ ಯಾವ ಕಡೆ ಇದೆ, ಎಷ್ಟು ದೂರವಿದೆ ಎಂದು ಕೇಳುವುದು ಒಳ್ಳೆಯ ಪರೀಕ್ಷೆ. ಥಟ್ಟನೆ ಬೆರಳು ತೋರಿಸಿದರೆ ಬೋರ್ಡ್ ಸರಿಯಿದೆ.

ಇನ್ನೊಂದು ಅಪಾಯ ಅವಧಿಯದು. ಅನಿಮ್ಯಾಟಿಕ್‌ನಲ್ಲಿ ಇರುವುದು ಅಲುಗದ ಚಿತ್ರ, ಕಣ್ಣು ಅದನ್ನು ಬೇಗ ಓದಿ ಮುಗಿಸುತ್ತದೆ. ಎಲ್ಲವೂ ಎಳೆದಂತೆ ಅನಿಸಿ ಒಂದೊಂದು ಶಾಟ್‌ನಿಂದಲೂ ನಾಲ್ಕು ಫ್ರೇಮ್, ಆರು ಫ್ರೇಮ್ ಕತ್ತರಿಸುವ ಆಸೆ ಹುಟ್ಟುತ್ತದೆ. ಆಮೇಲೆ ಅನಿಮೇಟರ್ ಅದೇ ಶಾಟ್‌ನಲ್ಲಿ ಹುಡುಗಿಯನ್ನು ಬಗ್ಗಿಸಿ, ಎಗರಿಸಿ, ಇಳಿಸಬೇಕಾದಾಗ ಜಾಗವೇ ಇರುವುದಿಲ್ಲ. ಗಾಡಿ ಹತ್ತಿ ಹಾರುವಂಥ ಕ್ರಿಯೆಗಳನ್ನು ಯಾರಾದರೂ ನಿಜವಾಗಿ ಮಾಡಿ ತೋರಿಸಿ, ಸ್ಟಾಪ್‌ವಾಚ್ ಹಿಡಿದು ಅಳೆಯುವುದು ಅನಿಮೇಟರ್‌ಗಳ ಹಳೆಯ ಅಭ್ಯಾಸ. ಅಳತೆ ಬಂದ ಮೇಲೆ ತುಸು ಬಿಗಿ ಮಾಡಬಹುದು, ಊಹೆಯ ಮೇಲೆ ಬಿಗಿ ಮಾಡಿದರೆ ಎಡವುತ್ತದೆ.

ಸಂತೆಯ ದೃಶ್ಯದ ಅನಿಮ್ಯಾಟಿಕ್‌ನಲ್ಲಿ ಎರಡು ದೋಷ ಹೊರಬೀಳುವ ಸಂಭವ ಹೆಚ್ಚು. ಶಾಟ್ 60ರ ಬರಿಗಾಲುಗಳು ಯಾರವೆಂದು ನೋಡುಗರಿಗೆ ತಿಳಿಯುವಷ್ಟರಲ್ಲಿ ಶಾಟ್ ಮುಗಿದಿರುತ್ತದೆ. ಬರೆದವರಿಗೆ ಅದು ಮೊದಲೇ ಗೊತ್ತಿರುವುದರಿಂದ ಕಾಗದದ ಮೇಲೆ ಆ ದೋಷ ಕಂಡಿರುವುದಿಲ್ಲ. ಜೊತೆಗೆ ಪಟ್ಟಿಯಲ್ಲಿ ಅದರ ಅಂತರದ ಜಾಗ ಖಾಲಿ ಇತ್ತು, ಅದೇ ಒಂದು ಸುಳಿವು. ಎರಡನೆಯದು ತಿರುವಿನದು. ಶಾಟ್ 40ರಲ್ಲಿ ತೋರಿಸಿದ ತಿರುವನ್ನು ನೋಡುಗರು ಐದಾರು ಸೆಕೆಂಡ್ ನೆನಪಿಟ್ಟುಕೊಂಡಿರುತ್ತಾರೆ ಎಂದು ನಂಬಿ ಶಾಟ್ 90ರಲ್ಲಿ ದಿಕ್ಕು ಬದಲಿಸಲಾಗಿತ್ತು; ನೋಡಿದವರು ಮೇಕೆ ವಾಪಸು ಹೊರಟಿತು ಎಂದುಕೊಳ್ಳುತ್ತಾರೆ. ಎರಡಕ್ಕೂ ಒಂದೇ ಪರಿಹಾರ. ಶಾಟ್ 60 ತೆಗೆದುಹಾಕಿ, ಅದರ 24 ಫ್ರೇಮ್‌ಗಳನ್ನು 70 ಮತ್ತು 80ರ ನಡುವಿನ ಹೊಸ ಶಾಟ್‌ಗೆ ಕೊಡುವುದು: ಮೇಲಿನಿಂದ ತಿರುವು ಮಾತ್ರ, ಮೇಕೆ ತಿರುಗುತ್ತಿದೆ, ಮೂರು ಮೇಕೆಯಷ್ಟು ಹಿಂದೆ ಹುಡುಗಿ ಚೌಕಟ್ಟಿನೊಳಗೆ ಬರುತ್ತಿದ್ದಾಳೆ.

ಕೊನೆಯ ಶಾಟ್ 180ರಲ್ಲಿ ಕತ್ತರಿ ಬೇಡ. ನಾಲ್ಕು ಸೆಕೆಂಡ್ ಒಂದೇ ವೈಡ್, ಕ್ಯಾಮೆರಾ ಅಲುಗುವುದಿಲ್ಲ. ಮೇಕೆ ಬಯಲಿಗೆ ಓಡುತ್ತದೆ, ಎಳೆದುಕೊಂಡು ಹೋಗುತ್ತಿದ್ದ ದಾರದ ತುದಿಯನ್ನು ಹುಡುಗಿ ಮೆಟ್ಟುತ್ತಾಳೆ, ದಾರ ಬಿಗಿಯಾಗಿ ಮೇಕೆ ಗಕ್ಕನೆ ನಿಲ್ಲುತ್ತದೆ. ಅಂತರ ಮುಗಿಯುವುದನ್ನು ತುಂಡು ಮಾಡಿ ತೋರಿಸಿದರೆ ಮೋಸ ಮಾಡಿದಂತೆ ಕಾಣುತ್ತದೆ. ಇಬ್ಬರೂ, ನಡುವಿನ ದಾರವೂ ಒಟ್ಟಿಗೆ ಕಾಣಬೇಕು. ದಾರದಲ್ಲಿ ಉಳಿದ ಹೂ ಒಂದು ಮೊಳ ಎಂದು ಲಿಸ್ಟಿನ ಕೊನೆಯ ಕಾಲಂ ಹೇಳುತ್ತದೆ. ಆ ಕಾಲಂ ಇಲ್ಲದಿದ್ದರೆ ಬೇರೆ ಬೇರೆ ಅನಿಮೇಟರ್‌ಗಳು ಬಿಡಿಸಿದ ಶಾಟ್‌ಗಳಲ್ಲಿ ಹಾರ ಒಮ್ಮೆ ಕುಗ್ಗಿ ಮತ್ತೆ ಬೆಳೆದಿರುತ್ತಿತ್ತು.

ತಿದ್ದಿದ ಅನಿಮ್ಯಾಟಿಕ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಅವಧಿಗಳನ್ನು ಬೀಗ ಹಾಕಿದಂತೆ ಸ್ಥಿರಗೊಳಿಸಿ, ಬೋರ್ಡ್ ಮತ್ತು ಲಿಸ್ಟ್ ಎರಡನ್ನೂ ಲೇಔಟ್ ವಿಭಾಗಕ್ಕೆ ಕೊಡುತ್ತಾರೆ. ಆಮೇಲೂ ಒಂದೆರಡು ಫ್ರೇಮ್ ಕಳೆಯಬಹುದು. ಸೇರಿಸುವುದು ಕಷ್ಟ, ಏಕೆಂದರೆ ಶಾಟ್‌ನ ಹಿಂದೆ ಮುಂದೆ ಹೆಚ್ಚುವರಿ ಚಿತ್ರಗಳನ್ನು ಯಾರೂ ಬಿಡಿಸಿಟ್ಟಿರುವುದಿಲ್ಲ. ಲಿಸ್ಟಿನಲ್ಲಿ ಹೊಸ ಶಾಟ್‌ಗೆ 75 ಎಂಬ ಸಂಖ್ಯೆ ಬರುತ್ತದೆ. 60ರ ಸಾಲಿನ ಮೇಲೆ ಗೆರೆ ಎಳೆದು ‘ರದ್ದು’ ಎಂದು ಬರೆಯುತ್ತಾರೆ. ಆ ಸಂಖ್ಯೆಯನ್ನು ಇನ್ನಾವ ಶಾಟ್‌ಗೂ ಕೊಡುವುದಿಲ್ಲ. ಶಾಟ್‌ಗಳು ಈಗಲೂ 18, ಫ್ರೇಮ್‌ಗಳು 960.